‘ಕಂಗ್ರಾಟ್ಸ್’ ಹಾಕಿದೆ, ಆಮೇಲೆ ಕೈ ಓಡಲಿಲ್ಲ

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಒಂದು ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್. ನಾನೂ ನನ್ನ ಗೆಳತಿಯೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಹನ್ನೊಂದು ವರ್ಷವಾಯಿತು. ಹೋದ ವಾರ ಅವಳಿಗೆ ಆಫೀಸರ್ ಪ್ರಮೋಶನ್ ಬಂತು. ಮೂರನೇ ಸಲಕ್ಕೆ ಆಯಿತು. ಅವಳು ಓದಿಕೊಳ್ಳಲಿ ಅಂತ ಎರಡು ಭಾನುವಾರ ಅವಳ ಮಗಳನ್ನು ನಾನೇ ನೋಡಿಕೊಂಡಿದ್ದೆ. ನಾನು ಒಂದು ಸಲ ಪರೀಕ್ಷೆ ಬರೆದು ಇಂಟರ್‌ವ್ಯೂನಲ್ಲಿ ಬಿದ್ದೆ. ಆಮೇಲೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಊರು ಬಿಡುವ ಹಾಗಿಲ್ಲ ಅಂತ ಮತ್ತೆ ಬರೆಯಲೇ ಇಲ್ಲ. ಗ್ರೂಪಿನಲ್ಲಿ ಎಲ್ಲರ ಜೊತೆ ‘ಕಂಗ್ರಾಟ್ಸ್’ ಹಾಕಿದೆ. ರಾತ್ರಿ ಅವಳು ‘ನೀನು ಏನೂ ಬರೀಲೇ ಇಲ್ವಲ್ಲೇ’ ಅಂತ ಮೆಸೇಜ್ ಮಾಡಿದ್ದಾಳೆ. ಖುಷಿ ನಿಜಕ್ಕೂ ಇದೆ. ನಾನು ಇಲ್ಲೇ ಉಳಿದುಬಿಟ್ಟೆ ಅನ್ನುವುದೂ ಇದೆ. ಮೂರು ಸಲ ಬರೆದು ಅಳಿಸಿದೆ. ಅಳಿಸಿದ್ದು ಇವು:

ಒಂದು: ‘ಹೃತ್ಪೂರ್ವಕ ಅಭಿನಂದನೆಗಳು. ನಿನ್ನ ಭವಿಷ್ಯ ಉಜ್ವಲವಾಗಲಿ. ಇನ್ನೂ ಉನ್ನತ ಹುದ್ದೆಗೆ ಏರುವಂತಾಗಲಿ.’

ಎರಡು: ‘ಏನ್ ಮೇಡಂ, ಇನ್ಮೇಲೆ ನಮ್ಮಂಥ ಕ್ಲರ್ಕ್‌ಗಳ ಜೊತೆ ಮಾತಾಡ್ತೀರೋ ಇಲ್ವೋ? ಪಾರ್ಟಿ ಯಾವಾಗ?’

ಮೂರು: ‘ತುಂಬಾ ಖುಷಿ ಆಯ್ತು ಕಣೇ. ನಿನ್ನ ನೋಡಿದ್ರೆ ನಾನು ಏನೂ ಮಾಡ್ಲಿಲ್ಲ ಅನ್ಸುತ್ತೆ. ಎಲ್ಲದಕ್ಕೂ ಹಣೆಬರಹ ಬೇಕು. ನೀನು ಲಕ್ಕಿ.’

ಸುಳ್ಳಾಗದ ಹಾಗೆ ಹೇಗೆ ಬರೆಯಲಿ?

ಉತ್ತರ: ಅಳಿಸಿದ್ದನ್ನೂ ಕಳಿಸಿದ್ದು ಒಳ್ಳೆಯದಾಯಿತು. ಆಪ್ತಸಲಹೆಗೆ ಬರುವವರು ಸಾಮಾನ್ಯವಾಗಿ ‘ನನಗೆ ಹೊಟ್ಟೆಕಿಚ್ಚು, ನಾನು ಕೆಟ್ಟವಳು’ ಅಂತ ತೀರ್ಪನ್ನೇ ಹೊತ್ತುಕೊಂಡು ಬರುತ್ತಾರೆ. ನೀವು ಬರಹವನ್ನೇ ತಂದಿದ್ದೀರಿ. ಅದನ್ನು ಮುಂದಿಟ್ಟುಕೊಂಡು ಮಾತಾಡಬಹುದು.

ನಿಮಗೆ ಸುಳ್ಳು ಅನಿಸಿದ್ದು ಈ ಮೂರರಲ್ಲಿರುವ ವಾಕ್ಯಗಳು. ಖುಷಿ ಸುಳ್ಳಾಗಿರಲಿಲ್ಲ. ಇದನ್ನು ಬೇರೆ ಮಾಡಿ ನೋಡದೆ ಇದ್ದರೆ ನೀವು ಮನಸ್ಸು ಪೂರ್ತಿ ತಿಳಿಯಾಗಲಿ ಅಂತ ಕಾಯುತ್ತೀರಿ, ಅಷ್ಟರಲ್ಲಿ ಅವಳು ಹೊಸ ಬ್ರಾಂಚಿಗೆ ಹೋಗಿ ಆರು ತಿಂಗಳಾಗಿರುತ್ತದೆ. ಮನಸ್ಸಿನಲ್ಲಿ ಎರಡೂ ಇರಲಿ. ಪತ್ರದೊಳಗೆ ಹೋಗುವ ಒಂದೊಂದು ವಾಕ್ಯವೂ ನಿಜವಾಗಿದ್ದರೆ ಪತ್ರ ನಿಜ. ಮನಸ್ಸಿನಲ್ಲಿರುವುದೆಲ್ಲ ಅದರಲ್ಲಿ ಇರಬೇಕು ಅಂತ ಯಾರೂ ಕೇಳಿಲ್ಲ, ಅಲ್ವಾ? ಮದುವೆ ಮನೆಗೆ ಹೋದಾಗ ನಮ್ಮ ಮನೆಯ ಸಾಲದ ಲೆಕ್ಕ ಹೇಳುವುದಿಲ್ಲ. ಅದನ್ನು ಯಾರೂ ಕಪಟ ಅನ್ನುವುದಿಲ್ಲ.

ಅವಳ ಗೆಲುವು ಯಾಕೆ ಇಷ್ಟು ಚುಚ್ಚುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ, ಯಾಕೆಂದರೆ ಬರೆಯುವ ದಾರಿ ಅಲ್ಲಿಂದಲೇ ಸಿಗುತ್ತದೆ. ಅಬ್ರಹಾಂ ಟೆಸ್ಸರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1980ರಲ್ಲಿ ಜೊತೆಗಾರರೊಬ್ಬರೊಂದಿಗೆ ಒಂದು ಪ್ರಯೋಗ ಮಾಡಿದರು. ಪದ ಊಹಿಸುವ ಆಟ. ಒಬ್ಬರು ಸುಳಿವು ಕೊಡಬೇಕು, ಇನ್ನೊಬ್ಬರು ಊಹಿಸಬೇಕು. ಸುಳಿವು ಕೊಡುವವರಿಗೆ ಮೊದಲೇ ‘ನೀವು ಅಷ್ಟೇನೂ ಚೆನ್ನಾಗಿ ಆಡಲಿಲ್ಲ’ ಅನ್ನುವಂತೆ ಮಾಡಲಾಗಿತ್ತು. ‘ಇದು ಸುಮ್ನೆ ಆಟ’ ಎಂದು ಹೇಳಿದಾಗ ಅವರು ಸ್ನೇಹಿತರಿಗೆ ಸುಲಭದ ಸುಳಿವು ಕೊಟ್ಟರು, ಅಪರಿಚಿತರಿಗಿಂತ ಸುಲಭದ್ದು. ‘ಇದು ನಿಮ್ಮ ಬುದ್ಧಿಯ ಒಂದು ಮುಖ್ಯ ಶಕ್ತಿಯನ್ನು ಅಳೆಯುತ್ತದೆ’ ಎಂದಾಗ ಮಾತ್ರ ಲೆಕ್ಕ ತಿರುಗಿತು. ಸ್ನೇಹಿತರಿಗೇ ಕಷ್ಟದ ಸುಳಿವು ಹೋಯಿತು.

ಟೆಸ್ಸರ್ ಇದರಿಂದ ಕಟ್ಟಿದ ವಾದ ಸರಳ. ಹತ್ತಿರದವರ ಗೆಲುವು ನಮ್ಮನ್ನು ಎರಡು ಕಡೆಗೆ ಎಳೆಯುತ್ತದೆ. ಆ ಗೆಲುವು ನಾವು ಲೆಕ್ಕ ಇಡದ ವಿಷಯದಲ್ಲಿ ಬಂದರೆ ಅವರ ಬೆಳಕು ನಮ್ಮ ಮೇಲೂ ಬೀಳುತ್ತದೆ, ನಾಲ್ಕು ಜನಕ್ಕೆ ಹೇಳಿಕೊಂಡು ಓಡಾಡುತ್ತೇವೆ. ನಮ್ಮನ್ನು ನಾವೇ ಅಳೆದುಕೊಳ್ಳುವ ವಿಷಯದಲ್ಲಿ ಬಂದರೆ ಅದೇ ಹತ್ತಿರದ ಸಂಬಂಧ ನೋವಾಗುತ್ತದೆ. ನಿಮ್ಮ ಗೆಳತಿ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದಿದ್ದರೆ ನೀವೇ ಮೊದಲು ಸ್ಟೇಟಸ್ ಹಾಕುತ್ತಿದ್ದಿರಿ. ಬೇರೆ ಜಿಲ್ಲೆಯ ಗುರುತಿಲ್ಲದ ಕ್ಲರ್ಕ್ ಒಬ್ಬರು ಆಫೀಸರ್ ಆಗಿದ್ದರೆ ನಿಮಗೆ ಏನೂ ಅನಿಸುತ್ತಿರಲಿಲ್ಲ. ಅದೇ ದಿನ ಸೇರಿದವಳು, ಅದೇ ಪರೀಕ್ಷೆ, ಅದೇ ಸಂಬಳದ ಪಟ್ಟಿ. ಚುಚ್ಚಲು ಬೇಕಾದದ್ದೆಲ್ಲ ಇದೆ.

ಇದರಿಂದ ನನಗೆ ಉಪಯೋಗಕ್ಕೆ ಬಂದಿರುವುದು ಒಂದೇ. ನೋವು ಇರುವುದು ಹುದ್ದೆಯ ಮೇಲೆ. ಹಾಗಾಗಿ ಹುದ್ದೆಯ ಬಗ್ಗೆ ಬರೆಯಲು ಹೋದಾಗಲೆಲ್ಲ ಕೈ ನಡುಗುತ್ತದೆ. ನಿಮ್ಮ ಮೂರೂ ಕರಡುಗಳು ಹುದ್ದೆಯ ಸುತ್ತಲೇ ಸುತ್ತುತ್ತಿವೆ, ನೋಡಿ. ‘ಉನ್ನತ ಹುದ್ದೆ’, ‘ನಮ್ಮಂಥ ಕ್ಲರ್ಕ್’, ‘ಏನೂ ಮಾಡ್ಲಿಲ್ಲ’.

ಒಂದೊಂದಾಗಿ ನೋಡೋಣ. ಮೊದಲನೆಯದು ಸನ್ಮಾನ ಪತ್ರದ ಭಾಷೆ. ನೀವಿಬ್ಬರೂ ಹನ್ನೊಂದು ವರ್ಷದಿಂದ ‘ಕಣೇ’, ‘ಬಾರೇ’ ಅಂತ ಮಾತಾಡಿದವರು. ಇವತ್ತು ಏಕಾಏಕಿ ‘ಹೃತ್ಪೂರ್ವಕ’ ಬಂದಿದೆ. ಇರುಸುಮುರುಸಾದಾಗ ನಾವು ಕನ್ನಡಿಗರು ದೊಡ್ಡ ದೊಡ್ಡ ಪದಗಳ ಹಿಂದೆ ಬಚ್ಚಿಟ್ಟುಕೊಳ್ಳುತ್ತೇವೆ. ಇದನ್ನು ನಾನು ಎಷ್ಟೋ ಪತ್ರಗಳಲ್ಲಿ ನೋಡಿದ್ದೇನೆ. ಆ ಮೂರು ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವನ್ನು ನಿಮ್ಮ ಬ್ರಾಂಚಿನ ಎಲ್ಲರಿಗೂ, ಯಾವ ಸಂದರ್ಭಕ್ಕೂ ಕಳಿಸಬಹುದು. ಅವಳು ಓದಿದ ತಕ್ಷಣ ‘ಇವಳಿಗೆ ಏನೋ ಆಗಿದೆ’ ಅಂದುಕೊಳ್ಳುತ್ತಾಳೆ.

ಎರಡನೆಯದು ತಮಾಷೆ. ಬಾಯಲ್ಲಿ ಹೇಳಿದ್ದರೆ, ನಗುತ್ತಾ ಭುಜ ತಟ್ಟಿ ಹೇಳಿದ್ದರೆ ನಡೆಯುತ್ತಿತ್ತು. ಬರಹದಲ್ಲಿ ದನಿ ಇರುವುದಿಲ್ಲ. 2005ರಲ್ಲಿ ಜಸ್ಟಿನ್ ಕ್ರೂಗರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದ್ದರು. ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿ, ಕೆಲವನ್ನು ನಿಜವಾಗಿ ಇ-ಮೇಲ್‌ನಲ್ಲಿ ಬರೆಯಬೇಕು. ಓದಿದವರು ಯಾವುದು ಏನು ಅಂತ ಗುರುತಿಸಬೇಕು. ಬರೆದವರು ನೂರಕ್ಕೆ 78 ಸಲ ಸರಿಯಾಗಿ ಗೊತ್ತಾಗುತ್ತದೆ ಅಂದುಕೊಂಡಿದ್ದರು. ಗೊತ್ತಾಗಿದ್ದು 56 ಸಲ. ನಾಣ್ಯ ಚಿಮ್ಮಿದರೂ ಐವತ್ತು ಬರುತ್ತದೆ. ಬರೆಯುವಾಗ ನಮ್ಮ ದನಿ ನಮ್ಮ ಕಿವಿಗೆ ಕೇಳಿಸುತ್ತಾ ಇರುತ್ತದೆ, ಓದುವವರಿಗೂ ಕೇಳಿಸುತ್ತದೆ ಅಂದುಕೊಳ್ಳುತ್ತೇವೆ. ಅಷ್ಟೇ ಅಲ್ಲ. ಆ ಕರಡಿನಲ್ಲಿ ‘ನೀನು’ ಹೋಗಿ ‘ನೀವು’ ಬಂದಿದೆ, ಗಮನಿಸಿದಿರಾ? ತಮಾಷೆಗೇ ಇರಬಹುದು. ಆದರೂ ಅವಳನ್ನು ಟೇಬಲ್ಲಿನ ಆ ಕಡೆ ಕೂರಿಸಿ ಕುರ್ಚಿ ಎಳೆದುಬಿಟ್ಟಿದ್ದೀರಿ. ಹೊಸದಾಗಿ ಪ್ರಮೋಶನ್ ಆದವರಿಗೆ ಇರುವ ದೊಡ್ಡ ಅಳುಕೇ ಇದು. ಹಳಬರೆಲ್ಲ ‘ಮೇಡಂ’ ಅನ್ನಲು ಶುರುಮಾಡಿದರೆ ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರುವುದು?

ಮೂರನೆಯದು ಮೂರರಲ್ಲಿ ಹೆಚ್ಚು ಪ್ರಾಮಾಣಿಕ. ಅದಕ್ಕೇ ಅದು ಹೆಚ್ಚು ತೊಂದರೆಯದ್ದು. ಅದನ್ನು ಓದಿದರೆ ಅವಳು ಏನು ಮಾಡಬೇಕು? ‘ಹಾಗನ್ನಬೇಡ್ವೇ, ನೀನು ಎಷ್ಟು ಮಾಡಿದ್ದೀಯ’ ಅಂತ ನಿಮ್ಮನ್ನು ಸಮಾಧಾನ ಮಾಡಬೇಕು. ತನ್ನ ಖುಷಿಯ ವಾರದಲ್ಲಿ ಅವಳಿಗೆ ಒಂದು ಕೆಲಸ ಹಚ್ಚಿದಂತಾಯಿತು. ಜೊತೆಗೆ ‘ಲಕ್ಕಿ’ ಅನ್ನುವ ಪದ. ಮೂರು ಸಲ ಬರೆದವಳಿಗೆ ಆ ಪದ ಹೇಳಿದರೆ ಮೊದಲೆರಡು ಸಲದ ಲೆಕ್ಕವನ್ನೇ ಒರೆಸಿ ಹಾಕಿದಂತೆ. ನಮ್ಮಲ್ಲಿ ಹಣೆಬರಹದ ಮಾತು ಸೋತವರಿಗೆ ಸಮಾಧಾನ ಹೇಳಲು ಬಂದದ್ದು. ಗೆದ್ದವರಿಗೆ ಹೇಳಿದರೆ ಅದು ಬೇರೆ ಥರ ಕೇಳಿಸುತ್ತದೆ.

ಹಾಗಾದರೆ ಏನು ಬರೆಯುವುದು? ನಿಮ್ಮ ಪ್ರಶ್ನೆ ಬಂದ ಮೇಲೆ ನಾನು ತಿರುಗಿ ಒಂದು ಮಾತು ಕೇಳಿದ್ದೆ. ‘ಈ ಹನ್ನೊಂದು ವರ್ಷದಲ್ಲಿ ಅವಳು ಏನು ಮಾಡಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ? ಹತ್ತು ನಿಮಿಷ, ಕಾಗದದ ಮೇಲೆ, ಹೊಗಳಿಕೆಯ ಪದ ಒಂದೂ ಬೇಡ, ನೋಡಿದ್ದು ಮಾತ್ರ.’ ನೀವು ಐದು ಸಂಗತಿ ಬರೆದು ಕಳಿಸಿದಿರಿ. ನಿಮ್ಮ ಒಪ್ಪಿಗೆ ಇರುವುದರಿಂದ ಇಲ್ಲಿ ಹೇಳುತ್ತೇನೆ, ಬೇರೆಯವರಿಗೂ ತಿಳಿಯಲಿ.

ಎರಡನೇ ಸಲ ರಿಸಲ್ಟ್ ಬಂದ ದಿನ ಅವಳು ಕ್ಯಾಶ್ ಕೌಂಟರ್‌ನಲ್ಲಿದ್ದಳು, ಸಂಜೆ ಕ್ಯಾಶ್ ಟ್ಯಾಲಿ ಆಗುವವರೆಗೂ ಒಂದು ಮಾತಾಡಲಿಲ್ಲ, ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ‘ಇನ್ನೊಂದು ಸಲ ಬರೀತೀನಿ’ ಅಂದಳು. ಸರ್ಕ್ಯುಲರ್‌ಗಳ ಪ್ರಿಂಟ್ ತೆಗೆದು ಊಟದ ಡಬ್ಬಿ ಪಕ್ಕ ಇಟ್ಟು ಓದುತ್ತಿದ್ದಳು, ಅದರ ತುಂಬ ಸಾರಿನ ಕಲೆ. ನವೆಂಬರ್‌ನಲ್ಲಿ ಪಿಂಚಣಿಯವರು ಜೀವಂತ ಪ್ರಮಾಣಪತ್ರ ಕೊಡಲು ಬಂದಾಗ ಬೆರಳಚ್ಚು ಹಿಡಿಯದ ಅಜ್ಜಂದಿರನ್ನು ವಾಪಸ್ ಕಳಿಸುತ್ತಿರಲಿಲ್ಲ, ಕೈ ಒರೆಸಿ ಒರೆಸಿ ಮತ್ತೆ ಇಡಿಸುತ್ತಿದ್ದಳು. ನೀವು ನೋಡಿಕೊಂಡ ಭಾನುವಾರ ಅವಳ ಮಗಳು ‘ಅಮ್ಮಂದು ದೊಡ್ಡ ಪರೀಕ್ಷೆ, ನಂದು ಚಿಕ್ಕ ಪರೀಕ್ಷೆ’ ಅಂತ ತಾನೂ ಪುಸ್ತಕ ಹಿಡಿದು ಕೂತಿತ್ತು. ಐದನೆಯದು: ಅವಳಿಗೆ ಅತ್ತೆ ಮನೆಯಲ್ಲಿ ಸಪೋರ್ಟ್ ಇದೆ.

ಐದನೆಯದು ನಿಜವೇ ಇರಬಹುದು. ಆದರೆ ಅದನ್ನು ತೆಗೆದಿಡಿ. ಅದು ನೀವು ನೋಡಿದ್ದಲ್ಲ, ನಿಮ್ಮ ಅಪ್ಪನ ಹಾಸಿಗೆಯ ಪಕ್ಕ ಕೂತು ಹೋಲಿಸಿದ್ದು. ಹೋಲಿಕೆ ಹೀಗೆ ಸಂಗತಿಯ ವೇಷ ಹಾಕಿಕೊಂಡು ಪಟ್ಟಿಯೊಳಗೆ ನುಗ್ಗುತ್ತದೆ. ಗುರುತು ಹಿಡಿಯುವುದು ಸುಲಭ. ಆ ವಾಕ್ಯದ ಮುಂದೆ ‘ನನಗೆ ಅದಿಲ್ಲ’ ಅಂತ ಸೇರಿಸಿ ನೋಡಿ. ಸರಿಯಾಗಿ ಕೂತುಕೊಂಡರೆ ಅದು ನಿಮ್ಮ ಬಗ್ಗೆ ಬರೆದದ್ದು. ‘ಸರ್ಕ್ಯುಲರ್ ಮೇಲೆ ಸಾರಿನ ಕಲೆ, ನನಗೆ ಅದಿಲ್ಲ’ ಅಂತ ಹೇಳಲಾಗುವುದಿಲ್ಲ. ಉಳಿದ ನಾಲ್ಕೂ ಅವಳದೇ.

ಆ ನಾಲ್ಕನ್ನು ಬರೆಯುವಾಗ ನಿಮಗೆ ಏನನಿಸಿತು ಅಂತಲೂ ಕೇಳಿದ್ದೆ. ‘ಅಳು ಬಂತು, ಆದರೆ ಹೊಟ್ಟೆ ಉರಿಯಲಿಲ್ಲ’ ಎಂದು ಬರೆದಿದ್ದೀರಿ. ನಾನು ಕಾಯುತ್ತಿದ್ದದ್ದು ಅದಕ್ಕೇ. ‘ಆಫೀಸರ್ ಆದಳು’ ಅಂದಾಗ ಬಾರದ ಖುಷಿ ‘ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು’ ಅಂದಾಗ ಬಂತು. ಅವಳು ಬಿದ್ದದ್ದನ್ನು, ಎದ್ದದ್ದನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಅಂಥ ಖುಷಿ ಸಿಗುತ್ತದೆ. ಗ್ರೂಪಿನಲ್ಲಿ ಹೂಗುಚ್ಛದ ಚಿತ್ರ ಹಾಕಿದವರಿಗೆ ಅದು ಸಿಕ್ಕಿಲ್ಲ.

ನೋಡಿದ್ದನ್ನು ಹೇಳಿದ ಮೇಲೆ ಇನ್ನೊಂದು ಬೇಕು. ಒಂದು ಪ್ರಶ್ನೆ. ಶೆಲ್ಲಿ ಗೇಬಲ್ ಎಂಬ ಮನಶ್ಶಾಸ್ತ್ರಜ್ಞೆ 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಒಳ್ಳೆಯ ಸುದ್ದಿ ಹೇಳಿದಾಗ ಹತ್ತಿರದವರು ಹೇಗೆ ಉತ್ತರಿಸುತ್ತಾರೆ ಅನ್ನುವುದನ್ನು ಅವರು ನಾಲ್ಕು ಬಗೆ ಮಾಡಿದರು. ನಮ್ಮ ಮನೆಗಳಲ್ಲಿ ಆ ನಾಲ್ಕೂ ಕೇಳಿಸುತ್ತವೆ. ‘ಪ್ರಮೋಶನ್ ಆಯ್ತು’ ಅಂದರೆ ಒಬ್ಬರು ‘ಹೌದಾ, ಒಳ್ಳೇದಾಯ್ತು’ ಅಂತ ಟಿವಿ ಕಡೆ ತಿರುಗುತ್ತಾರೆ. ಇನ್ನೊಬ್ಬರು ‘ಅದಿರ್ಲಿ, ಗ್ಯಾಸ್ ಬುಕ್ ಮಾಡಿದ್ಯಾ?’ ಅನ್ನುತ್ತಾರೆ. ಮತ್ತೊಬ್ಬರು ‘ಅಯ್ಯೋ, ಎಲ್ಲಿಗೋ ದೂರ ಹಾಕ್ತಾರೆ, ಮಗು ಗತಿಯೇನು?’ ಅನ್ನುತ್ತಾರೆ. ನಾಲ್ಕನೆಯವರು ಹತ್ತಿರ ಬಂದು ಕೂತು ‘ಹೇಳು ಹೇಳು, ಯಾವಾಗ ಗೊತ್ತಾಯ್ತು? ಯಾರು ಹೇಳಿದ್ರು?’ ಅನ್ನುತ್ತಾರೆ. ಗೇಬಲ್ ಅವರ ಅಧ್ಯಯನದಲ್ಲಿ ಸಂಬಂಧ ಗಟ್ಟಿಯಾಗಿರುವುದರ ಜೊತೆ ತಾಳೆಯಾದದ್ದು ಈ ನಾಲ್ಕನೆಯ ಬಗೆ ಒಂದೇ. ತಣ್ಣಗೆ ‘ಒಳ್ಳೇದಾಯ್ತು’ ಅನ್ನುವುದೂ ಉಳಿದ ಎರಡರ ಸಾಲಿಗೇ ಸೇರಿತು.

ನಿಮ್ಮ ‘ಕಂಗ್ರಾಟ್ಸ್’ ಆ ತಣ್ಣನೆಯ ಬಗೆ. ಅವಳ ರಾತ್ರಿಯ ಮೆಸೇಜ್ ಅದಕ್ಕೇ ಬಂದದ್ದು. ಅವಳಿಗೆ ಹೊಗಳಿಕೆ ಬೇಕಿರಲಿಲ್ಲ, ಅದು ಗ್ರೂಪಿನಲ್ಲೇ ಬೇಕಾದಷ್ಟು ಬಂದಿದೆ. ಕೂತು ಕೇಳುವವರು ಬೇಕಿತ್ತು.

ಪ್ರಶ್ನೆ ಆರಿಸುವಾಗ ಮಾತ್ರ ಹುಷಾರು. ಆಫೀಸರ್ ಆದವರಿಗೆ ಸಾಮಾನ್ಯವಾಗಿ ಬೇರೆ ಕಡೆ ಪೋಸ್ಟಿಂಗ್, ಆಮೇಲೂ ಕೆಲವು ವರ್ಷಕ್ಕೊಮ್ಮೆ ವರ್ಗ. ಇದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ನೀವು ಪರೀಕ್ಷೆ ಬಿಟ್ಟಿದ್ದೇ ಅದಕ್ಕೆ. ಹಾಗಾಗಿ ನಿಮ್ಮ ಕೈ ತಾನಾಗಿ ‘ಪೋಸ್ಟಿಂಗ್ ಎಲ್ಲಿ? ಮಗಳ ಸ್ಕೂಲು ಏನ್ಮಾಡ್ತೀಯ?’ ಅಂತ ಬರೆಯಲು ಹೋಗುತ್ತದೆ. ಕಾಳಜಿಯೇ, ಸುಳ್ಳಲ್ಲ. ಆದರೆ ಈ ವಾರ ಅದು ಮೂರನೇ ಬಗೆಯ ಮಾತಾಗುತ್ತದೆ. ಅವಳೂ ರಾತ್ರಿ ನಿದ್ದೆ ಬಿಟ್ಟು ಅದನ್ನೇ ಯೋಚಿಸುತ್ತಿರುತ್ತಾಳೆ. ಅವಳು ಎತ್ತಿದರೆ ಮಾತಾಡಿ, ನೀವಾಗಿ ಎತ್ತಬೇಡಿ. ಆ ಕ್ಷಣದ ಬಗ್ಗೆ ಕೇಳಿ. ಯಾರಿಗೆ ಮೊದಲು ಹೇಳಿದಳು, ಮಗಳು ಏನಂದಳು.

ಇಷ್ಟನ್ನು ಸೇರಿಸಿದರೆ ಹೀಗೆ ಬರಬಹುದು. ನಿಮ್ಮ ಮಾತಿನಲ್ಲೇ ಬರೆಯಲು ನೋಡಿದ್ದೇನೆ, ನಿಮ್ಮ ಬಾಯಿಗೆ ಒಗ್ಗದ್ದನ್ನು ಬದಲಾಯಿಸಿಕೊಳ್ಳಿ.

‘ಗ್ರೂಪಲ್ಲಿ ಒಂದು ಪದ ಹಾಕಿ ಸುಮ್ನಾಗಿದ್ದೆ. ನಿಂಗೆ ಬರೀಬೇಕಾದ್ದು ಅದಲ್ಲ ಕಣೇ. ಎರಡನೇ ಸಲ ರಿಸಲ್ಟ್ ಬಂದ ದಿನ ನೆನಪಿದ್ಯಾ? ಕ್ಯಾಶ್ ಟ್ಯಾಲಿ ಆಗೋವರೆಗೂ ನೀನು ಬಾಯಿ ಬಿಡ್ಲಿಲ್ಲ. ಆಮೇಲೆ ಚಪ್ಪಲಿ ಹಾಕ್ಕೊಳ್ತಾ ‘ಇನ್ನೊಂದು ಸಲ ಬರೀತೀನಿ’ ಅಂದೆ. ಈ ಸಲ ಲಿಸ್ಟಲ್ಲಿ ನಿನ್ನ ಹೆಸರು ನೋಡಿದಾಗ ನಂಗೆ ಮೊದಲು ಕಣ್ಣಿಗೆ ಬಂದಿದ್ದು ಆ ಸಂಜೆ. ಆ ಸಾರಿನ ಕಲೆಯ ಸರ್ಕ್ಯುಲರ್‌ಗಳನ್ನ ಬಿಸಾಕ್ಬೇಡ, ಇಟ್ಕೊ. ಇನ್ನು ನಿನ್ನ ಮಗಳು. ಆ ಭಾನುವಾರ ‘ಅಮ್ಮಂದು ದೊಡ್ಡ ಪರೀಕ್ಷೆ’ ಅಂತ ನಂಗೆ ಶಬ್ದ ಮಾಡೋಕೂ ಬಿಡ್ಲಿಲ್ಲ. ಅವಳಿಗೆ ಹೇಗೆ ಹೇಳ್ದೆ? ಏನಂದ್ಳು? ಪೂರ್ತಿ ಹೇಳ್ಬೇಕು, ಅವಸರದಲ್ಲಿ ಬೇಡ.’

ಇದರಲ್ಲಿ ‘ನಾನು’ ಎಲ್ಲೆಲ್ಲಿ ಇದ್ದೇನೆ ಅಂತ ಪೆನ್ನಿನಿಂದ ಸುತ್ತು ಹಾಕಿ ನೋಡಿ. ಕನ್ನಡದಲ್ಲಿ ‘ನಾನು’ ಬಿಟ್ಟರೂ ಕ್ರಿಯಾಪದ ಹೇಳಿಬಿಡುತ್ತದೆ, ಹಾಗಾಗಿ ಬಾಲವನ್ನೂ ನೋಡಬೇಕು. ಸುಮ್ನಾಗಿದ್ದೆ, ನಂಗೆ ಕಣ್ಣಿಗೆ ಬಂದಿದ್ದು, ನಂಗೆ ಶಬ್ದ ಮಾಡೋಕೂ ಬಿಡ್ಲಿಲ್ಲ. ಈ ‘ನಾನು’ ಸಾಕ್ಷಿ. ನಿಮ್ಮ ಮೂರನೇ ಕರಡಿನ ‘ನಾನು ಏನೂ ಮಾಡ್ಲಿಲ್ಲ’ ಅನ್ನುವ ‘ನಾನು’ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿರುವವಳು. ಸಾಕ್ಷಿ ಎಷ್ಟು ಸಲ ಬಂದರೂ ತೊಂದರೆಯಿಲ್ಲ. ತಟ್ಟೆಯವಳು ಒಂದು ಸಲ ಬಂದರೂ ತೆಗೆಯಿರಿ.

ಇನ್ನೊಂದು ಗಮನಿಸಿ. ಅದರಲ್ಲಿ ‘ತುಂಬಾ ಖುಷಿಯಾಯ್ತು’ ಅನ್ನುವ ವಾಕ್ಯವೇ ಇಲ್ಲ. ನಾನು ಬೇಕೆಂದೇ ಬಿಟ್ಟೆ. ‘ತುಂಬಾ’ ಬರೆಯುವಾಗ ನಿಮ್ಮ ಒಳಗಿನವಳು ‘ಎಷ್ಟು ತುಂಬಾ?’ ಅಂತ ಕೇಳುತ್ತಾಳೆ, ಅಲ್ಲಿಗೆ ಕೈ ನಿಲ್ಲುತ್ತದೆ. ಬೇಕೇ ಬೇಕು ಅನಿಸಿದರೆ ‘ಖುಷಿಯಾಯ್ತು’ ಅಷ್ಟೇ ಸಾಕು, ‘ತುಂಬಾ’ ಬೇಡ.

ಯಾವಾಗ ಕಳಿಸುವುದು? ಅವಳು ಕೇಳಿ ನಾಲ್ಕು ದಿನವಾಗಿದೆ. ಇನ್ನು ಎರಡು ದಿನದೊಳಗೆ ಹೋಗಲಿ. ತಡವಾದದ್ದಕ್ಕೆ ಕಾರಣ ಬರೆಯಬೇಡಿ. ‘ಅಪ್ಪನಿಗೆ ಹುಷಾರಿರಲಿಲ್ಲ, ಮಾರ್ಚ್ ಕ್ಲೋಸಿಂಗ್ ಇತ್ತು’ ಅಂತ ಶುರುಮಾಡಿದರೆ ಮೊದಲ ಎರಡು ಸಾಲು ನಿಮ್ಮದಾಗುತ್ತದೆ. ಗ್ರೂಪಿನಲ್ಲಿ ಬೇಡ, ಅವಳೊಬ್ಬಳಿಗೇ. ಕೈಯಲ್ಲಿ ಬರೆದು ಕೊಡುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. ಬ್ಯಾಂಕಿನವರ ಫೋನು ಫಾರ್ವರ್ಡ್‌ಗಳಿಂದ ತುಂಬಿ ತುಳುಕುತ್ತಿರುತ್ತದೆ, ಕಾಗದ ಉಳಿಯುತ್ತದೆ.

ಇಲ್ಲಿ ನನ್ನದೊಂದು ಕಥೆ ಹೇಳಲೇಬೇಕು, ಮೊದಲನೇ ಕರಡಿನ ಬಗ್ಗೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದಕ್ಕೆ ಕಾರಣ ಅದು. ಈ ವೃತ್ತಿಗೆ ಬರುವ ಮುಂಚೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಜೊತೆಗೆ ಸೇರಿದ ಸ್ನೇಹಿತೆಯನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ನಾನು ಅಂಗಡಿಗೆ ಹೋಗಿ ದುಬಾರಿ ಕಾರ್ಡು ತಂದು ಅದರಲ್ಲಿ ಅಚ್ಚಾಗಿದ್ದ ಇಂಗ್ಲಿಷ್ ಪದ್ಯದ ಕೆಳಗೆ ಸಹಿ ಹಾಕಿ ಕೊಟ್ಟೆ. ನನ್ನ ಹೊಟ್ಟೆಕಿಚ್ಚನ್ನು ಚೆನ್ನಾಗಿ ಮುಚ್ಚಿದೆ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಒಮ್ಮೆ ಮಾತಿಗೆ ಮಾತು ಬಂದಾಗ ಅವಳು ‘ನಿನ್ನ ಕಾರ್ಡು ನೋಡಿದ ದಿನವೇ ಗೊತ್ತಾಯ್ತು, ಇವಳಿಗೆ ಬೇಜಾರಾಗಿದೆ ಅಂತ. ಕಾಫಿ ಕುಡಿಯೋಕೂ ಕರೀಬಾರ್ದು ಅಂದ್ಕೊಂಡೆ’ ಅಂದಳು. ನನಗೆ ತೊಂದರೆ ಆಗಬಾರದೆಂದು ಅವಳು ದೂರ ಸರಿದಳಂತೆ. ಅವಳಿಗೆ ಜಂಭ ಬಂದಿದೆ ಅಂತ ನಾನು ಅಂದುಕೊಂಡಿದ್ದೆ. ಒಂದು ಕಾರ್ಡಿನಿಂದ ಎರಡು ವರ್ಷ ಮಾತು ಕಡಿಮೆಯಾಯಿತು.

ನಿಮ್ಮ ಬೇಸರವನ್ನು ಅವಳಿಗೆ ಹೇಳಬಾರದೇ ಅಂತ ನೀವು ಕೇಳಬಹುದು. ಹೇಳಬಹುದು, ಹೇಳಬೇಕು ಕೂಡ. ಆದರೆ ಬೇರೆ ದಿನ, ಬೇರೆ ಮಾತಾಗಿ. ಅಭಿನಂದನೆಯ ಜೊತೆ ಕಟ್ಟಿ ಕೊಟ್ಟರೆ ಅವಳಿಗೆ ತನ್ನ ಖುಷಿಯೇ ತಪ್ಪು ಅನಿಸುತ್ತದೆ. ಅವಳು ಹೊಸ ಬ್ರಾಂಚಿನಲ್ಲಿ ಕೂತು, ಅಲ್ಲಿನ ತಲೆನೋವು ಶುರುವಾಗಿ, ಅವಳೇ ನಿಮಗೆ ಫೋನ್ ಮಾಡಿ ಗೊಣಗುವ ದಿನ ಬಂದೇ ಬರುತ್ತದೆ. ಆವತ್ತು ನಿಮ್ಮ ಮಾತಿಗೂ ಜಾಗ ಇರುತ್ತದೆ. ‘ನಿಂಗೆ ಆದಾಗ ನಂಗೆ ಒಂದು ವಾರ ಒದ್ದಾಟ ಆಗಿತ್ತು ಕಣೇ’ ಅಂತ ಆಗ ಹೇಳಿದರೆ ಅವಳು ನಗುತ್ತಾಳೆ.

ಇನ್ನು ಆ ಒದ್ದಾಟ. ‘ಇಲ್ಲೇ ಉಳಿದುಬಿಟ್ಟೆ’ ಅಂತ ಒಂದೇ ಮಾತಿನಲ್ಲಿ ಬರೆದಿದ್ದೀರಿ. ಅದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಒಂದು, ಇಂಟರ್‌ವ್ಯೂನಲ್ಲಿ ಬಿದ್ದದ್ದು. ಅದು ಸಿಗದೆ ಹೋದದ್ದು. ಇನ್ನೊಂದು, ಅಪ್ಪನಿಗಾಗಿ ಮತ್ತೆ ಬರೆಯದೆ ಇದ್ದದ್ದು. ಅದು ನೀವೇ ತೆಗೆದುಕೊಂಡ ತೀರ್ಮಾನ. ಗೆಳತಿಯ ಸುದ್ದಿ ಬಂದ ದಿನ ಎರಡನೆಯದೂ ಮೊದಲನೆಯದರ ಹಾಗೆ ಸೋಲಾಗಿ ಕಾಣಿಸಿತು. ಒಂದು ಕೆಲಸ ಮಾಡಿ. ನಾಳೆ ನಿಮ್ಮ ಟೇಬಲ್ಲಿಗೆ ಅದೇ ಆರ್ಡರ್ ಬಂತು, ಪೋಸ್ಟಿಂಗ್ ಬೇರೆ ರಾಜ್ಯಕ್ಕೆ, ಹದಿನೈದು ದಿನದಲ್ಲಿ ಸೇರಬೇಕು ಅಂದುಕೊಳ್ಳಿ. ಸಹಿ ಹಾಕುತ್ತೀರಾ? ಯಾರಿಗೂ ಹೇಳಬೇಡಿ, ಸುಮ್ನೆ ನಿಮ್ಮಷ್ಟಕ್ಕೆ ಉತ್ತರ ಹೇಳಿಕೊಳ್ಳಿ.

‘ಹಾಕಲ್ಲ’ ಅಂತ ಬಂದರೆ ನಿಮಗೆ ಬೇಕಾಗಿರುವುದು ಅವಳ ಪ್ರಮೋಶನ್ ಅಲ್ಲ. ಅದೇ ಕೌಂಟರು, ಅದೇ ಕೆಲಸ ಸಾಕಾಗಿದೆ ಅಂತಿರಬಹುದು. ಹಾಗಿದ್ದರೆ ಊರು ಬಿಡದೆ ಕೆಲಸ ಬದಲಾಯಿಸಲು ಏನಿದೆ ನೋಡಿ. ಕ್ಲರ್ಕ್ ದರ್ಜೆಯಲ್ಲೇ ಹೆಡ್ ಕ್ಯಾಶಿಯರ್, ಸ್ಪೆಷಲ್ ಅಸಿಸ್ಟೆಂಟ್‌ನಂಥ ವಿಶೇಷ ಭತ್ಯೆಯ ಜಾಗಗಳು ಇರುತ್ತವೆ. ನಿಮ್ಮ ಬ್ಯಾಂಕಿನಲ್ಲಿ ಅವಕ್ಕೆ ಏನು ನಿಯಮ ಅಂತ ಯೂನಿಯನ್ನಿನವರನ್ನು ಕೇಳಿ. ‘ಹಾಕ್ತೀನಿ’ ಅಂತ ಬಂದರೆ ಅಪ್ಪನನ್ನು ನೋಡಿಕೊಳ್ಳುವ ವ್ಯವಸ್ಥೆಯ ಬಗ್ಗೆ ಅಣ್ಣತಮ್ಮಂದಿರ ಜೊತೆ ಮಾತಾಡುವ ಕೆಲಸ ಇಷ್ಟು ದಿನ ಮುಂದೂಡಿದ್ದೀರಿ ಅಂತ ಅರ್ಥ. ಎರಡರಲ್ಲಿ ಯಾವುದೇ ಆದರೂ ಅದು ಅವಳ ಪತ್ರದ ವಿಷಯವಲ್ಲ. ಇಂಟರ್‌ವ್ಯೂನಲ್ಲಿ ಏನು ಕೇಳಿದರು ಅಂತ ಅವಳನ್ನು ವಿಚಾರಿಸುವ ಮನಸ್ಸಿದ್ದರೆ ಒಂದು ತಿಂಗಳು ತಡೆಯಿರಿ. ಈಗಲೇ ಕೇಳಿದರೆ ಅಷ್ಟು ಚೆನ್ನಾಗಿ ಬರೆದ ಪತ್ರ ಕೆಲಸ ಸಾಧಿಸಿಕೊಳ್ಳಲು ಹಾಕಿದ ಪೀಠಿಕೆಯಂತೆ ಕಾಣುತ್ತದೆ.

ಕೊನೆಗೆ, ಅವಳ ಉತ್ತರಕ್ಕೆ ತಯಾರಾಗಿರಿ. ನಿಮ್ಮ ಪತ್ರ ಓದಿ ಅವಳು ಬಹುಶಃ ‘ನೀನೂ ಬರಿಯೇ, ನಿಂಗೂ ಆಗುತ್ತೆ’ ಅನ್ನುತ್ತಾಳೆ. ಪ್ರೀತಿಯಿಂದಲೇ ಅನ್ನುತ್ತಾಳೆ. ಆದರೂ ಅದು ನೇರವಾಗಿ ಆ ನೋಯುವ ಜಾಗಕ್ಕೇ ಬಂದು ತಾಗುತ್ತದೆ. ಆಗ ಅಪ್ಪನ ವಿಷಯ ಶುರುಮಾಡಬೇಡಿ, ‘ನನ್ನ ಕೈಲಿ ಎಲ್ಲಿ’ ಅಂತಲೂ ಬರೆಯಬೇಡಿ. ಫೋನು ಕೆಳಗಿಡಿ, ಒಂದು ಲೋಟ ನೀರು ಕುಡಿಯಿರಿ. ಆಮೇಲೆ ಹೀಗೆ ಬರೆಯಬಹುದು: ‘ನನ್ನ ಕಥೆ ಆಮೇಲೆ ಹೇಳ್ತೀನಿ, ತುಂಬಾ ಇದೆ. ಇವತ್ತು ನಿಂದು. ಮಗಳು ಏನಂದ್ಳು ಅಂತ ಇನ್ನೂ ಹೇಳ್ಲಿಲ್ಲ ನೀನು.’